ವೀರಭದ್ರನ ಪೀಠದ ಉಕ್ಕು

ಬೆಳಗಾವಿಯ ಉದ್ಯಮಬಾಗದ ಆ ಕಾರ್ಖಾನೆಯಲ್ಲಿ ಕಲ್ಲಯ್ಯನವರು ಮೂವತ್ತೊಂದು ವರ್ಷ ದೊಡ್ಡ ಟ್ರಾನ್ಸ್‌ಫಾರ್ಮರುಗಳ ಟ್ಯಾಂಕು ಕೂಡಿಸಿದ್ದರು. ತಿಂಗಳ ಕೊನೆಗೆ ನಿವೃತ್ತಿ. ಕೊನೆಯ ಟ್ಯಾಂಕು ಅವರ ಹುಟ್ಟೂರು ಖಾನಾಪುರದ ಸಬ್‌ಸ್ಟೇಷನ್ನಿಗೆ ಹೋಗುವುದಿತ್ತು. ಊರಿನಲ್ಲಿ ಸಿಕ್ಕವರಿಗೆಲ್ಲ ಅವರು ಹೇಳಿಟ್ಟಿದ್ದರು: "ಇನ್ನ ನಿಮ್ಮ ಮನಿ ಲೈಟು ನನ್ನ ಕೈಯಾಗಿಂದ ಬರತೈತಿ, ನೋಡ್ರಿ."

ಈಗ ಆ ಟ್ಯಾಂಕಿಗೇ ಜ್ವರ ಬಂದಿತ್ತು.

ಪರೀಕ್ಷೆಯ ಎಂಜಿನಿಯರ್ ನಾಗರತ್ನಾ ಪರೀಕ್ಷೆಯ ಜಾಗದ ಬೇಲಿಯ ಹೊರಗೆ ನಿಂತು ಉಷ್ಣ ಕ್ಯಾಮೆರಾದಲ್ಲಿ ತೋರಿಸಿದಳು. ಗೋಡೆಯೆಲ್ಲ ಅರವತ್ತೆರಡು ಡಿಗ್ರಿ. ಮೂಲೆಯಿಂದ ಮೂರನೆಯ ಜಾಗದಲ್ಲಿ ಮಾತ್ರ ಅಂಗೈಯಗಲದ ಪಟ್ಟಿಯೊಂದು ನೂರಾ ಹತ್ತು.

"ಸ್ವಾಮ್ಯಾರ, ಇದೇನ್ರಿ?"

"ಎಣ್ಣಿ ಸರಿ ಹರದಿಲ್ಲ ಕಾಣತೈತಿ, ಯವ್ವಾ."

"ಎಣ್ಣೀದಲ್ರಿ. ಕರೆಂಟ್ ಅರ್ಧಾ ಮಾಡಿ ನೋಡೀನಿ. ಬಾಜೂದಕ್ಕಿಂತ ನಲವತ್ತೆಂಟು ಹೆಚ್ಚಿತ್ತು, ಹನ್ನೆರಡಕ್ಕ ಇಳೀತು. ಅರ್ಧಕ್ಕ ಕಾಲು ಪಾಲು. ಬರೇ ವೋಲ್ಟೇಜ್ ಕೊಟ್ಟು ಲೋಡ್ ಇಲ್ದ ಇಟ್ರ ತಣ್ಣಗ. ಸುತ್ತಿನಿಂದ ಸೋರಿದ ಕಾಂತ ಗ್ವಾಡಿಗೆ ಬಡ್ಯಾಕತ್ತೈತಿ. ಅಲ್ಲೆ ಷಂಟ್ ಐತೋ ಇಲ್ಲೋ?"

"ಷಂಟ್ ಇಲ್ದ ಹೆಂಗವ್ವಾ? ಒಂದ್ ಮೈಗೆ ಹನ್ನೆರಡು, ಎರಡೂ ಮೈಗೆ ಇಪ್ಪತ್ನಾಕು."

ಷಂಟ್ ಎಂದರೆ ಟ್ಯಾಂಕಿನ ಒಳಗೋಡೆಗೆ ಕಟ್ಟುವ ಉಕ್ಕಿನ ಹಾಳೆಗಳ ಕಂತೆ. ತಾಮ್ರದ ಸುತ್ತಿನಲ್ಲಿ ಕರೆಂಟು ಹರಿದಾಗ ಒಂದಿಷ್ಟು ಕಾಂತಶಕ್ತಿ ದಾರಿ ಬಿಟ್ಟು ಹೊರಗೆ ಬರುತ್ತದೆ. ದಪ್ಪ ಗೋಡೆ ಸಿಕ್ಕರೆ ಅದರೊಳಗೆ ಸುಳಿ ಕರೆಂಟು ಎಬ್ಬಿಸಿ ಕಾಯಿಸುತ್ತದೆ. ಷಂಟ್ ಆ ಕಾಂತಕ್ಕೆ ಸಲೀಸಾದ ದಾರಿ ಕೊಡುತ್ತದೆ. ಹಾಳೆ ತೆಳ್ಳಗೆ, ನಡುವೆ ಲೇಪ, ಹೀಗಾಗಿ ಸುಳಿಗೆ ಬೆಳೆಯಲು ಜಾಗವಿಲ್ಲ. ಇಷ್ಟನ್ನು ನಾಗರತ್ನಾಳಿಗೆ ಮೊದಲು ಕಲಿಸಿದವರೇ ಕಲ್ಲಯ್ಯನವರು.

"ಸ್ಟೋರಿನಿಂದ ಇಪ್ಪತ್ನಾಕು ಕೊಟ್ಟಾರ. ನೀವ ಎಣಿಸೀರೇನು?"

"ನಾ ಎಣಿಸದ ಬಿಡತೀನೇನು?" ಎಂದರು. ಆದರೆ ದನಿಯಲ್ಲಿ ಬಲವಿರಲಿಲ್ಲ. ಗುರುವಾರ ಟ್ಯಾಂಕು ಪರೀಕ್ಷಿಸಲು ವಿದ್ಯುತ್ ಇಲಾಖೆಯ ಇನ್‌ಸ್ಪೆಕ್ಟರ್ ರಾಮಲಿಂಗ ಬರುವವನಿದ್ದ. ಅವನೂ ಖಾನಾಪುರದವನೇ.

ಕಲ್ಲಯ್ಯನವರು ನೇರ ದೇವರ ಕಟ್ಟೆಗೆ ಹೋದರು. ಶೆಡ್ಡಿನ ಮೂಲೆಯಲ್ಲಿ ವೀರಭದ್ರನ ಫೋಟೋ, ಮುಂದೆ ದೀಪ. ದಸರೆಯ ಖಂಡೇ ಪೂಜೆಯ ದಿನದಿಂದ ಅವರು ಅಲ್ಲಿ ಎರಡು ಹೊತ್ತು ವಿಭೂತಿ, ಕುಂಕುಮ, ಹೂವು, ಎಣ್ಣೆ ತಪ್ಪಿಸಿರಲಿಲ್ಲ. "ಅಪ್ಪಾ, ಮೂವತ್ತೊಂದು ವರ್ಷದ ಹೆಸರು" ಎಂದು ಹಣೆ ಊರಿದರು.

ಹಣೆಗೆ ತಣ್ಣಗೆ ತಾಗಿತು. ಕಣ್ಣು ತೆರೆದರೆ ಮೂಗಿನ ತುದಿಗೇ ದೇವರ ಪೀಠ. ಎರಡು ಮೊಳ ಉದ್ದ, ಅಂಚಿನಲ್ಲಿ ಉಕ್ಕಿನ ಹಾಳೆ ಹಾಳೆ ಹಾಳೆ.

ಬಹಳ ಹೊತ್ತು ಅವರು ತಲೆ ಎತ್ತಲಿಲ್ಲ. ಭಕ್ತಿ ಹೆಚ್ಚಾಗಿದೆ ಎಂದುಕೊಂಡು ಹಿಂದಿನಿಂದ ಬಂದ ಫಿಟ್ಟರ್ ಮಾಯಪ್ಪನೂ ಕೈ ಮುಗಿದು ನಿಂತ.

"ಮಾಯಪ್ಪಾ, ಇದನ್ನ ಇಲ್ಲಿಟ್ಟಾವ್ರು ಯಾರೋ?"

"ನೀವ ಅಲ್ರೀ ಸ್ವಾಮ್ಯಾರ. ಖಂಡೇ ಪೂಜಿಗೆ ಚಲೋ ಹೊಳಿಯೂದು ಆರಿಸಿ ಇಟ್ರಿ. ಮರುದಿನ ಬನ್ನಿ ಕೊಡಾಕ ಊರಿಗೆ ಹೋದ್ರಿ."

"ಷಂಟ್ ಕಟ್ಟಿ ಮುಗಿಸು ಅಂತ ಹೇಳಿ ಹೋಗಿದ್ನಲ್ಲೋ!"

"ಮುಗಿಸಿದೆ. ಇಪ್ಪತ್ಮೂರು ಆದುವು. ಇನ್ನೊಂದು ದೇವರ ಬುಡಕ ಕುಂತಿತ್ತು. ದೇವರನ್ನ ಎಬ್ಬಸಾಕ ನಾ ಯಾರ್ರಿ?"

"ಮತ್ತ ನನಗ ಹೇಳಬಾರದೇನೋ!"

"ದಿನಾ ಎರಡ್ ಹೊತ್ತು ನೀವ ಅದಕ್ಕ ಕುಂಕುಮಾ ಹಚ್ಚತಿದ್ರಿ. ಗೊತ್ತೈತಿ ಅಂದುಕೊಂಡೆ."

ನಾಗರತ್ನಾ ಬಂದು ನೋಡಿ, ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಕಲ್ಲಯ್ಯನವರು ನಗಲಿಲ್ಲ. ಕೊಟ್ಟ ಪೀಠವನ್ನು ದೇವರಿಂದ ಕಿತ್ತುಕೊಳ್ಳುವುದು ಹೇಗೆ? ಕೈ ಮುಗಿದರು. ಆಮೇಲೆ ಹೆಗಲ ಮೇಲಿನ ವಲ್ಲಿಯನ್ನು ಮಡಚಿ ಹಾಸಿ, ಫೋಟೋ ಎತ್ತಿ ಅದರ ಮೇಲೆ ಇಟ್ಟರು.

"ಸ್ವಲ್ಪ ಸರೀಪಾ. ನಿನಗ ಎಲ್ಲಿ ಕುಂತ್ರೂ ನಡೀತೈತಿ. ಇದಕ್ಕ ಒಂದ ಜಾಗಾ."

ಎಣ್ಣೆ ಇಳಿಸಿದರು, ಒಳಗಿನ ಸುತ್ತುಗಳನ್ನು ಕ್ರೇನಿನಿಂದ ಎತ್ತಿದರು. ಮೂರನೆಯ ಜಾಗ ಖಾಲಿಯಿತ್ತು. ಕುಂಕುಮ ತೊಳೆದು, ಹಾಳೆಗಳ ಲೇಪ ಕೆಟ್ಟಿಲ್ಲವೆಂದು ನಾಗರತ್ನಾ ಪರೀಕ್ಷಿಸಿದ ಮೇಲೆ ಕಲ್ಲಯ್ಯನವರೇ ಕಟ್ಟಿದರು. ಮತ್ತೆ ಒಣಗಿಸಿ, ಎಣ್ಣೆ ತುಂಬುವಷ್ಟರಲ್ಲಿ ಗುರುವಾರ ಬಂದೇ ಬಿಟ್ಟಿತು.

"ಕಾರಣಾ ಏನ ಬರೀಲಿ?" ಎಂದು ನಾಗರತ್ನಾ ಮೆಲ್ಲಗೆ ಕೇಳಿದಳು. "ಜೋಡಣೆಯ ಲೋಪ ಅಂದ್ರ ಸಾಕಲ್ರಿ?"

"ಇದ್ದದ್ದು ಬರಿಯವ್ವಾ. ನನ್ನ ಹೆಸರೂ ಬರಿ."

ರಾಮಲಿಂಗ ಪೂರ್ತಿ ಕರೆಂಟಿನಲ್ಲಿ ದಿನವಿಡೀ ಟ್ಯಾಂಕು ಕಾಯಿಸಿ ನೋಡಿದ. ಮೂರನೆಯ ಜಾಗ ಅರವತ್ತಮೂರು. ಆಮೇಲೆ ನಾಗರತ್ನಾ ಬರೆದ ಮೊದಲಿನ ವರದಿ ತೆರೆದು ಗಟ್ಟಿಯಾಗಿ ಓದಿದ: "ಒಂದು ಷಂಟ್ ಗೈರುಹಾಜರು. ಕಲ್ಲಯ್ಯನವರು ಅದನ್ನು ವೀರಭದ್ರನ ಪೀಠವಾಗಿ ಇಟ್ಟು ಮರೆತಿದ್ದರು."

ಓದಿ ಕಲ್ಲಯ್ಯನವರ ಕಡೆ ತಿರುಗಿದ.

"ಖರೇ ಏನ್ರಿ ಕಾಕಾ?"

"ಖರೇನಪಾ."

"ಊರಾಗ ಹೇಳಲೇನು?"

"ಹೇಳು. ಆದ್ರ ಅರವತ್ತಮೂರೂ ಹೇಳು."

ರಾಮಲಿಂಗ ಸಹಿ ಮಾಡಿದ. ಹೊರಡುವಾಗ ದೇವರ ಕಟ್ಟೆಗೆ ಕೈ ಮುಗಿದು, ಬಗ್ಗಿ, ವಲ್ಲಿಯ ತುದಿ ಎತ್ತಿ ಕೆಳಗೆ ಇಣುಕಿ ನೋಡಿದ.

"ಏನ್ ಹುಡುಕತೀಯೋ?"

"ಮುಂದಿನ ಟ್ರಾನ್ಸ್‌ಫಾರ್ಮರ್ದು ಏನರ ಐತೇನು ಅಂತ್ರಿ."

ಆಗ ಕಲ್ಲಯ್ಯನವರು ನಕ್ಕರು.