ಸಾಬಣ ಹಚ್ಚಿದ ಕೈ

ಹನ್ನೂರಿನ ದವಾಖಾನೆಯ ಗೋಡೆ ಟಿವಿಯಲ್ಲಿ ಕೈಲಾಸ ಮಾಡಿದ ಕಾರ್ಟೂನು ಚಿತ್ರ ಬೆಳಿಗ್ಗೆಯಿಂದ ಓಡುತ್ತಿತ್ತು. ಅದರಲ್ಲಿ ಅಕ್ಷರವಿಲ್ಲ, ಮಾತಿಲ್ಲ. ಶಾಲೆಯ ಮೆಟ್ಟಿಲು ಹತ್ತದವರಿಗೂ ತಿಳಿಯಲೆಂದೇ ಸೊಲ್ಲಾಪುರದ ಬಾಡಿಗೆ ಕೋಣೆಯಲ್ಲಿ ಕೂತು ಬಿಡಿಸಿದ್ದ. ಮೊದಲು ರೋಗಾಣುವಿನ ಹಸಿರು ಚುಕ್ಕೆ ಮೆತ್ತಿದ ಕೈ ರೊಟ್ಟಿ ಮುರಿದು ಉಣಿಸುತ್ತದೆ. ಮಗು ಹೊಟ್ಟೆ ಹಿಡಿದು ಅಳುತ್ತದೆ. ಆಮೇಲೆ ಅದೇ ಕೈ ಸಾಬೂನು ಹಚ್ಚಿ, ಅಂಗೈ, ಮುಂಗೈ, ಬೆರಳ ಸಂದಿ, ಉಗುರಿನ ತುದಿ ಎಲ್ಲ ತಿಕ್ಕಿ ಹರಿಯುವ ನೀರಿಗೆ ಒಡ್ಡುತ್ತದೆ. ಚುಕ್ಕೆಗಳು ತೊಳೆದುಹೋಗುತ್ತವೆ, ಮಗು ಉಂಡು ನಗುತ್ತದೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ಜನ ಅದನ್ನು ಹೇಗೆ ನೋಡುತ್ತಾರೆಂದು ತಿಳಿಯಲು ದವಾಖಾನೆಗೇ ಬಂದು ನಿಂತಿದ್ದ ಅವನು ಮಧ್ಯಾಹ್ನದೊಳಗೆ ‘ಸರಿ ಐತಿ’ ಎಂದರೆ ಸಾಕು, ಕೆಲಸ ಕೊಟ್ಟಿದ್ದ ಸ್ನೇಹಲ ಮೇಡಂ ಅದನ್ನು ಅಕ್ಕಲಕೋಟೆ ತಾಲೂಕಿನ ಹಳ್ಳಿ ದವಾಖಾನೆಗಳಿಗೆಲ್ಲ ಕಳಿಸುವವರಿದ್ದರು. ಸಾಲಿ ಬಿಟ್ಟವನಿಗೆ ಇದೆಲ್ಲ ಬರುತ್ತದೇನು ಎಂದು ಮೂಗು ಮುರಿದವರ ಬಾಯಿಗೆ ಇಂದು ಬೀಗ ಬೀಳಬೇಕಿತ್ತು.

ಎದುರಿನ ಬೆಂಚಿನ ಮೇಲೆ ನೀಲಗಂಗಾ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಕಲ್ಯಾಣಮ್ಮ. ಕೂಸಿಗೆ ಬಿಡದೆ ಭೇದಿ. ಕಣ್ಣು ಒಳಗಿಳಿದಿದ್ದವು, ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ಲೀಲಾಬಾಯಿ ಸಿಸ್ಟರ್ ಕಾಯಿಸಿ ಆರಿಸಿದ ನೀರಿಗೆ ಭೇದಿಗೆ ಕೊಡುವ ಉಪ್ಪು-ಸಕ್ಕರೆಯ ಪುಡಿ ಕಲಸಿ ಇಟ್ಟಿದ್ದಳು.

“ಸಾಬಣ ಹಚ್ಚಿ ಕೈ ತೊಳಕೊಂಡು ಚಮಚಾಲೆ ಸಾವಕಾಶ ಕುಡಸವಾ. ಡಾಕ್ಟರಿಗೆ ಫೋನ್ ಮಾಡೇನಿ, ಹೊಂಟಾರ,” ಎಂದವಳೇ, ಹೆರಿಗೆ ಬೇನೆ ತಿನ್ನುತ್ತಿದ್ದ ಇನ್ನೊಬ್ಬಳ ಕೂಗು ಕೇಳಿ ಒಳಗೆ ಓಡಿದಳು. ಬಾಗಿಲು ಮುಚ್ಚಿತು.

ಆಗಷ್ಟೇ ಕೂಸಿನ ಹೊಲಸು ಬಟ್ಟೆ ಬದಲಿಸಿದ್ದ ನೀಲಗಂಗಾ ನಲ್ಲಿಯ ಕಡೆ ಎದ್ದಳು. ಕಲ್ಯಾಣಮ್ಮ ಗಪ್ಪನೆ ರಟ್ಟೆ ಹಿಡಿದಳು.

“ಸಾಬಣ ಮುಟ್ಟಬ್ಯಾಡ. ಸೆರಗಿಗಿ ಒರಸಕೋ, ಸಾಕು.”

“ಸಿಸ್ಟರ್ ಹೇಳ್ಯಾರಲ್ರಿ ಅತ್ತಿ.”

“ಹೇಳ್ಲಿ. ಟಿವಿದಾಗ ಕಣ್ಣಾರೆ ನೋಡೇನಿ ನಾ.”

ಕೈಲಾಸನ ನೆತ್ತಿಗೆ ಸಿಟ್ಟೇರಿತು. “ಏನ್ ನೋಡೀರಿ ಆಯಿ? ಕೈ ತೊಳೀರಿ ಅಂತನ ಐತಿ ಅದರಾಗ! ಕಣ್ಣ ಕಾಣಸ್ತಾವೋ ಇಲ್ಲೋ?”

“ಏ, ಯಾರಲೇ ಒದರಾಂವ? ನೆಟ್ಟಗ ಕಾಣಸ್ತಾವ. ಸಾಬಣ ಹಚ್ಚಿ ತೊಳದಳು, ಉಣಿಸಿದಳು, ಪೋರ ನಕ್ಕಿತು. ಹಿಂದಿಂದನ ಹೊಟ್ಟಿ ಹಿಡ್ಕೊಂಡು ಅಳಾಕ ಹತ್ತಿತು. ಸಾಬಣ ಹೊಟ್ಟಿಗಿ ಹೋದ್ರ ಮತ್ತೇನಾಗ್ತೈತಿ? ಇದಕ್ಕರೆ ಮೊದ್ಲ ಜುಲಾಬ!”

“ಖರೇ ಅದರಿ,” ಎಂದಳು ಪಕ್ಕದ ಬೆಂಚಿನ ಚಂದ್ರಭಾಗಾ. “ನಾನೂ ಹಂಗ ಅನ್ಕೊಂಡೆ.”

ಕೈಲಾಸ ತಿರುಗಿ ಟಿವಿ ನೋಡಿದ. ಸಾಬೂನು. ನೀರು. ನಗುವ ಮಗು. ಉಸಿರೆಳೆಯುವಷ್ಟೂ ಬಿಡುವಿಲ್ಲದೆ ಅದೇ ಮಗು ಹೊಟ್ಟೆ ಹಿಡಿದು ನರಳಿತು. ತನ್ನ ಕೋಣೆಯಲ್ಲಿ ಅವನು ಪ್ರತಿ ಸಲ ಮೊದಲಿನಿಂದಲೇ ಓಡಿಸಿ ನೋಡಿದ್ದ. ಇಲ್ಲಿ ಜನ ಬಸ್ಸು ಇಳಿದಂತೆ ಬರುತ್ತಾರೆ, ಬಂದಲ್ಲಿಂದ ನೋಡುತ್ತಾರೆ. ಯಾವುದು ಮೊದಲು, ಯಾವುದು ಕಡೆ ಎಂದು ಹೇಳುವ ಒಂದು ಗುರುತನ್ನೂ ಅವನು ಇಟ್ಟಿರಲಿಲ್ಲ.

ಅವನು ಟಿವಿಯ ವಾಯರು ಕಿತ್ತ.

“ತಪ್ಪ ನಂದರಿ ಆಯಿ. ಸಾಬಣದಿಂದ ಹೊಟ್ಟಿ ನೋಯಂಗಿಲ್ಲ. ಅದನ್ನ ತಗದಾಂವ ನಾನ.”

“ನೀನ? ಮುಂಜಾನಿ ಒಂದ ತೋರಸ್ತಿ, ಈಗೊಂದ ಹೇಳ್ತಿ. ಯಾವುದು ಖರೆ ಅನ್ಲಿ?”

ಕೂಸಿನ ತಲೆ ತಾಯಿಯ ತೋಳಿನ ಮೇಲೆ ಜೋಲಿತು. ಮುಚ್ಚಿದ ಬಾಗಿಲಾಚೆ ಸಿಸ್ಟರ್ ಯಾರನ್ನೋ ಗದರಿಸುತ್ತಿದ್ದಳು.

ನೀಲಗಂಗಾ ಕೂಸನ್ನು ಎತ್ತಿ ಅತ್ತೆಯ ಮಡಿಲಿಗೆ ಹಾಕಿದಳು. ಕಲ್ಯಾಣಮ್ಮನ ಎರಡೂ ಕೈ ತುಂಬಿದವು.

“ಟಿವಿ ಬಂದ್ ಆತರಿ ಅತ್ತಿ. ಈಗ ಸಿಸ್ಟರ್ ಹೇಳಿದ್ದಷ್ಟ ಉಳದೈತಿ.”

“ಏ ಗಂಗಾ! ಬಾ ಇಲ್ಲೆ!”

ಅವಳು ತಿರುಗಲಿಲ್ಲ. ನಲ್ಲಿಯ ಕೆಳಗೆ ನೊರೆ ಬರುವಂತೆ ಬೆರಳ ಸಂದಿಯೆಲ್ಲ ತಿಕ್ಕಿ, ತೊಳೆದು, ಸೆರಗಿಗೆ ಒರೆಸದೆ ಕೈ ಜಾಡಿಸಿ ಬಂದಳು. ಮೊದಲ ಚಮಚ ಗಲ್ಲದ ಮೇಲೆ ಇಳಿದುಹೋಯಿತು. ಎರಡನೆಯದು ಒಳಗೆ ಹೋಯಿತು.

ಫೋನು ಗುಂಯ್‌ಗುಟ್ಟಿತು. “ಕೈಲಾಸ, ಕಳಸಲೇನೋ?”

“ಬ್ಯಾಡ್ರಿ ಮೇಡಂ. ಸಾಬಣ ಹಚ್ಚಿದ್ರ ಹೊಟ್ಟಿ ನೋಯ್ತೈತಿ ಅಂತ ಕಲಸಾಕತ್ತೇನಿ ನಾ. ಹೊಟ್ಟಿ ನೋವಿಂದು ಪೂರಾ ಕಿತ್ತ ಹಾಕ್ತೀನಿ. ಎಲ್ಲಿಂದ ನೋಡಿದ್ರೂ ತೊಳದ ಮ್ಯಾಲನ ಊಟ ಬರಬೇಕು.”

“ಅರೇ, ಇವತ್ತ ಆಗ್ಲಿಲ್ಲ ಅಂದ್ರ ಕೆಲಸ ಬ್ಯಾರೇದವ್ರಿಗೆ ಹೋಗ್ತದ. ಗೊತ್ತದ ಇಲ್ಲೋ?”

“ಹೋಗ್ಲಿರಿ. ಇದನ್ನ ಮಾತ್ರ ಕಳಸಬ್ಯಾಡ್ರಿ.”

ಫೋನು ಇಟ್ಟು ಬಾಗಿಲ ಕಡೆ ಹೊರಟವನನ್ನು ಕಲ್ಯಾಣಮ್ಮನ ದನಿ ತಡೆಯಿತು.

“ಎಲ್ಲಿ ಹೊಂಟ್ಯೋ? ಕುಂದರು ಇಲ್ಲೆ. ಕೂಸಿನ ಹೊಟ್ಟಿ ನೊಂದ್ರ ಯಾರನ್ ಹಿಡೀಲಿ ನಾ?”

ಕೈಲಾಸ ಕೂತ. ಮುದುಕಿ ಕೂಸಿನ ಹೊಟ್ಟೆ ನೋಡುತ್ತಿದ್ದಳು, ಅವನು ಚಮಚ ನೋಡುತ್ತಿದ್ದ. ನೀಲಗಂಗಾ ಮತ್ತೊಂದು ಗುಟುಕು ಎತ್ತಿದಳು.