ಟ್ಯಾಂಕಿನ ನೆರಳು

ವಕ್ಕಲೇರಿಯ ಮನೆಯ ತಾರಸಿಯಲ್ಲಿ ಸುನಂದ ಎರಡು ಸೋಲಾರ್ ಕೊಟೇಶನ್ ಹಿಡಿದು ನಿಂತಿದ್ದಳು. ಕಿಲೋವ್ಯಾಟಿಗೆ ಐವತ್ತು ಸಾವಿರದ್ದನ್ನು ಮಡಿಚಿಟ್ಟಳು. ಅದರ ಪ್ಯಾನೆಲ್ಲಿನ ಸೆಲ್‌ಗಳು ಹೊರದೇಶದವು, ಸಬ್ಸಿಡಿ ಸಿಗದು. ಅರವತ್ತೈದು ಸಾವಿರದ್ದು ನಮ್ಮ ದೇಶದ ಸೆಲ್ಲಿನದು. ಮೂರು ಕಿಲೋವ್ಯಾಟಿಗೆ ಎಪ್ಪತ್ತೆಂಟು ಸಾವಿರ ಸಬ್ಸಿಡಿ ಕಳೆದರೆ ಒಂದು ಲಕ್ಷ ಹದಿನೇಳು ಸಾವಿರ. ತಿಂಗಳಿಗೆ ಎರಡು ಸಾವಿರ ಉಳಿದರೆ ಐದು ವರ್ಷಕ್ಕೆ ಹಾಕಿದ ಹಣ ವಾಪಸ್.

"ಎಲ್ಲಿ ಕೂರಿಸ್ತೀಯಪ್ಪಾ?" ಅತ್ತೆ ಮುನಿಗಂಗಮ್ಮ ಕಂಪನಿಯ ಉಮೇಶನನ್ನು ಕೇಳಿದರು. ಅವನು ನಕ್ಷೆಯಲ್ಲಿ ಗೆರೆ ಎಳೆದಿದ್ದ ಈಶಾನ್ಯದ ಮೂಲೆ ತೋರಿಸಿದ.

"ಸಂಕ್ರಾಂತಿ ಹೊತ್ತಲ್ಲಿ ಮಧ್ಯಾಹ್ನ ಆದ್ಮೇಲೆ ಟ್ಯಾಂಕ್ ನೆರಳು ಅಲ್ಲೇ ಬೀಳೋದು. ಅವರೆಕಾಳು ಒಣಗಿಸೋಕೆ ಚಾಪೆ ಎಳ್ಕೊಂಡು ಎಷ್ಟು ವರ್ಷ ಓಡಾಡಿದೀನಿ ನಾನು."

ನೆರಳು ಬಿದ್ದರೆ ಹಣ ವಾಪಸಾಗಲು ಐದು ವರ್ಷದ ಬದಲು ಏಳಾದೀತೆಂದು ಸುನಂದ ಲೆಕ್ಕ ಹಾಕಿದಳು. "ಹಾಗಾದ್ರೆ ಎಲ್ಲಿ ಅತ್ತೆ?"

ಮುನಿಗಂಗಮ್ಮ ಆಗ್ನೇಯದ ಮೂಲೆಗೆ ಹೋಗಿ ನಿಂತರು. ವಾರಗಿತ್ತಿಯರ ಜೊತೆ ಕಾಗೆ ಓಡಿಸುತ್ತ, ನಗುತ್ತ, ಬೇಸಿಗೆಯೆಲ್ಲ ಸಂಡಿಗೆ ಇಟ್ಟಿದ್ದ ಜಾಗ. ಈಗ ಅವರಲ್ಲಿ ಯಾರೂ ಉಳಿದಿರಲಿಲ್ಲ.

"ಇಲ್ಲಿ ಸಂಜೆವರೆಗೂ ಬಿಸಿಲು."

"ಅದು ನಿಮ್ಮ ಸಂಡಿಗೆ ಜಾಗ."

"ಒಬ್ಬಳೇ ಎಷ್ಟು ಸಂಡಿಗೆ ಇಡೋಕಾಗುತ್ತೆ? ಬರ್ಕೋಪ್ಪಾ," ಎಂದರು.

ಉಮೇಶ ನಕ್ಷೆಯಲ್ಲಿ ಹೊಸ ಗೆರೆ ಎಳೆದ. ಅವನು ಎಳೆದು ಮುಗಿಸುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.