ಹನ್ನೆರಡು ಗಂಟೆಯ ಟೀ

ಹಾಲು ಹೆಚ್ಚಾಯಿತು, ಸಕ್ಕರೆ ಕಮ್ಮಿಯಾಯಿತು ಎಂದರೆ ಟೀಯಮ್ಮ ಜಗಳಕ್ಕೆ ನಿಲ್ಲುತ್ತಿದ್ದಳು. ಟೀ ಆರಿದೆ ಎಂದರೆ ಮಾತ್ರ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಏಕೆಂದರೆ ಆರಿದ ಟೀಗೆ ವಾದವಿಲ್ಲ. ಲೋಟ ಮುಟ್ಟಿದರೆ ಸಾಕು, ಸತ್ಯ ಬೆರಳಿಗೇ ತಿಳಿಯುತ್ತದೆ.

ಅವಳು ಹನ್ನೆರಡು ವರ್ಷದಿಂದ ಬಸ್ ಡಿಪೋಗೆ ಟೀ ಕೊಡುತ್ತಿದ್ದಳು. ಡಿಪೋದ ಹಿತ್ತಿಲಲ್ಲಿ ಡೀಸೆಲ್ ಟ್ಯಾಂಕು ಇದ್ದುದರಿಂದ ಅಲ್ಲಿ ಒಲೆ ಹಚ್ಚುವಂತಿರಲಿಲ್ಲ. ಹಾಗಾಗಿ ಬೆಳಗಿನ ಆರಕ್ಕೆ ಮನೆಯಲ್ಲೇ ಟೀ ಕಾಯಿಸಿ, ಐದೈದು ಲೀಟರಿನ ನಾಲ್ಕು ಸ್ಟೀಲ್ ಫ್ಲಾಸ್ಕಿಗೆ ತುಂಬಿ, ಆರೂವರೆಯ ಮೊದಲ ಬಸ್ಸಿಗೆ ಏರಿಸಿಕೊಂಡು ಹೋಗುವುದು ರೂಢಿ. ಎರಡು ಫ್ಲಾಸ್ಕು ಏಳು ಗಂಟೆಗೇ ಖಾಲಿ. ಉಳಿದೆರಡು ಹನ್ನೆರಡಕ್ಕೆ, ಪಾಳಿ ಬದಲಾಗುವಾಗ ಬಾಯಿ ತೆರೆಯಬೇಕು. ಮೆಕ್ಯಾನಿಕ್ಕು, ಡ್ರೈವರು, ಕಂಡಕ್ಟರು ಎಲ್ಲ ಸೇರಿ ನಲವತ್ತು ಜನ ಲೋಟ ಹಿಡಿದು ನಿಲ್ಲುತ್ತಿದ್ದರು. ಆ ನಲವತ್ತು ಮುಖಗಳೇ ಟೀಯಮ್ಮನ ದಿನದ ಸಂಭ್ರಮ.

ಆದರೆ ಒಂದು ತಿಂಗಳಿಂದ ಹನ್ನೆರಡು ಗಂಟೆಯ ಟೀ ಉಗುರುಬೆಚ್ಚಗೆ ಬರತೊಡಗಿತ್ತು. ಡಿಪೋ ಮ್ಯಾನೇಜರು ಕೆಟ್ಟವರಲ್ಲ, ಅವರೂ ಇದೇ ಟೀ ಕುಡಿದು ತಲೆ ನರೆಸಿಕೊಂಡವರು. ಆದರೂ ಗುಂಡಿ ಒತ್ತಿದರೆ ಟೀ ಸುರಿಸುವ ಕರೆಂಟಿನ ಮೆಷಿನ್ ಮಾರುವವನೊಬ್ಬ ಅವರ ಕೋಣೆಗೆ ಎರಡು ಸಲ ಬಂದು ಹೋಗಿದ್ದ. ಶನಿವಾರ ಮಧ್ಯಾಹ್ನದ ಟೀ ಬಿಸಿಯಾಗಿದ್ದರೆ ನೀವೇ ಮುಂದುವರಿಯಿರಿ, ಇಲ್ಲದಿದ್ದರೆ ಮುಂದಿನ ಸೋಮವಾರ ಮೆಷಿನ್ ಬರುತ್ತದೆ ಎಂದು ಮ್ಯಾನೇಜರು ನೆಲ ನೋಡುತ್ತಾ ಹೇಳಿದರು. ಅಂದು ಸೋಮವಾರ.

ಟೀಯಮ್ಮ ಮೊದಲು ಸೊಸೆಯನ್ನು ಹಿಡಿದಳು. ಕುದಿ ಬರುವ ಮೊದಲೇ ಇಳಿಸುತ್ತೀಯ, ಹಾಲಿಗೆ ಅವಸರ ಮಾಡುತ್ತೀಯ ಎಂದು ದೂರಿದಳು. ಮಂಗಳವಾರ ತಾನೇ ನಿಂತು, ಟೀ ಉಕ್ಕಿ ಒಲೆ ಒದ್ದೆಯಾಗುವ ತನಕ ಕುದಿಸಿದಳು. ಮಧ್ಯಾಹ್ನ ಅದೂ ಆರಿತ್ತು. ಆಮೇಲೆ ಅವಳ ಅನುಮಾನ ಡಿಪೋದ ಫೋರ್‌ಮನ್ ಮೇಲೆ ಹೋಯಿತು. ಅವನಿಗೆ ಹತ್ತು ಗಂಟೆಗೆ ಟೀ ಬೇಕೆನಿಸುವ ಚಟ. ಯಾರೂ ಇಲ್ಲದಾಗ ಮುಚ್ಚಳ ತೆಗೆದು ಒಂದು ಲೋಟ ಬಗ್ಗಿಸಿಕೊಳ್ಳುತ್ತಾನೆ, ತೆರೆದಷ್ಟು ಸಲ ಬಿಸಿ ಹೋಗುತ್ತದೆ ಎಂದು ಅವಳ ತೀರ್ಮಾನ. ಬುಧವಾರ ಎರಡೂ ಮುಚ್ಚಳಗಳ ಸುತ್ತ ದಾರ ಸುತ್ತಿ ಏಳು ಗಂಟು ಹಾಕಿಟ್ಟಳು. ಹನ್ನೆರಡಕ್ಕೆ ಏಳೂ ಗಂಟು ಹಾಗೇ ಇದ್ದವು. ಟೀ ಮಾತ್ರ ಆರಿತ್ತು. ಫೋರ್‌ಮನ್ ಆ ದಾರವನ್ನು ಬಿಚ್ಚಿ, ಉಂಡೆ ಸುತ್ತಿ, ಅವಳ ಕೈಗೇ ಕೊಟ್ಟ. ಅಷ್ಟು ಸೌಜನ್ಯದಿಂದ ಯಾರೂ ಅವಳ ಮಾನ ಕಳೆದಿರಲಿಲ್ಲ.

ಗುರುವಾರವೂ ಆರಿದ ಟೀಯೇ. ಶುಕ್ರವಾರ ಮಧ್ಯಾಹ್ನ ಡಿಪೋದ ಕೆಲಸ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ನಾಲ್ಕು ಫ್ಲಾಸ್ಕುಗಳನ್ನು ಎರಡು ಚೀಲದಲ್ಲಿ ಹೊತ್ತುಕೊಂಡು ಕುಕ್ಕರ್ ರಿಪೇರಿಯವನ ಅಂಗಡಿಗೆ ಹೋದರು. ಕುಕ್ಕರು, ಮಿಕ್ಸಿ, ಫ್ಲಾಸ್ಕು ಯಾವುದೇ ಇರಲಿ, ಮನುಷ್ಯರಿಗಿಂತ ಪಾತ್ರೆಗಳ ಜೊತೆ ಹೆಚ್ಚು ಮಾತಾಡುವ ಆಸಾಮಿ ಅವನು. ಫ್ಲಾಸ್ಕುಗಳಿಗೇ ವಯಸ್ಸಾಯಿತೋ ಏನೋ ಎಂದಳು ಟೀಯಮ್ಮ. ಅವನು ನೀರು ಕುದಿಸಿ ನಾಲ್ಕಕ್ಕೂ ತುಂಬಿ, ಮುಚ್ಚಳ ಬಿಗಿದು, ಹತ್ತು ನಿಮಿಷ ಬೇರೆಯವರ ಕುಕ್ಕರಿನ ಹಿಡಿ ತಿರುಪುತ್ತಾ ಕುಳಿತ.

ಆಮೇಲೆ ಅವಳ ಅಂಗೈಯನ್ನು ಒಂದೊಂದೇ ಫ್ಲಾಸ್ಕಿನ ಹೊಟ್ಟೆಗೆ ಇಡಿಸಿದ. ಮೂರು ತಣ್ಣಗಿದ್ದವು. ನಾಲ್ಕನೆಯದು, ಬುಡ ನೆಗ್ಗಿದ್ದದ್ದು, ಮುಟ್ಟಿದರೆ ಬಿಸಿ.

ಫ್ಲಾಸ್ಕೆಂದರೆ ಒಂದರೊಳಗೊಂದು ಕೂತ ಎರಡು ಸ್ಟೀಲ್ ಪಾತ್ರೆ ಎಂದು ಅವನು ವಿವರಿಸಿದ. ನಡುವೆ ಇರುವ ಸಂದಿಯಿಂದ ಗಾಳಿಯನ್ನು ಹೀರಿ ತೆಗೆದಿರುತ್ತಾರೆ. ಬಿಸಿಯನ್ನು ಹೊತ್ತು ಆಚೆ ದಾಟಿಸಲು ಅಲ್ಲಿ ಗಾಳಿಯೂ ಇಲ್ಲ. ಬೆಳಕಿನ ಹಾಗೆ ಹೊಮ್ಮುವ ಬಿಸಿಯನ್ನು ಒಳಗಿನ ಹೊಳಪು ವಾಪಸ್ಸು ಕಳಿಸುತ್ತದೆ. ತಣ್ಣನೆಯದು ತುಂಬಿದರೂ ಇದೇ ಲೆಕ್ಕ, ಹೊರಗಿನ ಬಿಸಿ ಒಳಗೆ ಬರಲು ದಾರಿ ಇರುವುದಿಲ್ಲ. ಎರಡೂ ಪಾತ್ರೆ ಕೂಡುವುದು ಕತ್ತಿನಲ್ಲಿ ಮಾತ್ರ. ಬುಡ ನೆಗ್ಗಿದ ಫ್ಲಾಸ್ಕಿನ ಬೆಸುಗೆ ಎಲ್ಲೋ ಬಿರಿದು ಸಂದಿಗೆ ಗಾಳಿ ನುಗ್ಗಿದೆ, ಅದಕ್ಕಿನ್ನು ಮದ್ದಿಲ್ಲ. ಏಳು ಗಂಟೆಯ ಟೀಗೆ ಬೇಕಾದರೆ ಇಟ್ಟುಕೊಳ್ಳಿ, ಒಂದು ಗಂಟೆ ತಾಳುತ್ತದೆ ಎಂದ.

"ಉಳಿದ ಮೂರರ ಮೈ ಗಟ್ಟಿ ಇದೆ. ಬಾಯಿ ಗಟ್ಟಿ ಇಲ್ಲ ಅಮ್ಮಾ," ಎಂದು ಅವನು ಫ್ಲಾಸ್ಕನ್ನು ತಲೆಕೆಳಗು ಮಾಡಿ ಹಿಡಿದ. ಮುಚ್ಚಳದ ಅಂಚಿನಲ್ಲಿ ನೀರಿನ ಹನಿಗಳು ಒಂದೊಂದಾಗಿ ಮೂಡಿದವು. ನೀರು ಚೆಲ್ಲಿ, ಬಾಯಿಯ ಅಂಚಿನ ಮೇಲೆ ಒಂದು ಕಾಗದದ ಚೂರಿಟ್ಟು ಮುಚ್ಚಳ ಬಿಗಿದು, ಎಳೆ ಎಂದು ಸೊಸೆಗೆ ಹೇಳಿದ. ಕಾಗದ ಸಲೀಸಾಗಿ ಜಾರಿ ಬಂತು. ನೀರು ಒಸರುವಷ್ಟು ಸಂದಿ ಇದ್ದರೆ ಹಬೆ ಹೋಗದೆ ಇರುತ್ತದೆಯೇ, ಹಬೆ ಹೋಗುವಾಗ ಬಿಸಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತದೆ ಎಂದ.

ಮುಚ್ಚಳದೊಳಗಿನ ರಬ್ಬರ್ ಬಳೆಯನ್ನು ಅವನು ಚಿಮುಟದಿಂದ ಕಿತ್ತು ಬೆಳಕಿಗೆ ಹಿಡಿದ. ಸಾದಾ ಕಪ್ಪು ರಬ್ಬರು. ಒಂದು ಕಡೆ ಉಬ್ಬಿ ಮೆತ್ತಗಾಗಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಬೆರಳಲ್ಲಿ ಒತ್ತಿ ಬಿಟ್ಟರೆ ಬಿದ್ದ ಗುಳಿ ಹಾಗೇ ಉಳಿಯಿತು. ಅವನು ಅದನ್ನು ಮೂಸಿ ನೋಡಿದ.

"ಇದಕ್ಕೆ ಎಣ್ಣೆ ಹಚ್ಚಿದೋರು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೀಯಮ್ಮನ ಬಲಗೈ ತಾನಾಗಿಯೇ ಸೆರಗಿನೊಳಗೆ ಸೇರಿಕೊಂಡಿತು.

ಅವಳ ಮಣಿಕಟ್ಟು ನೋಯಲು ಶುರುವಾಗಿ ವರ್ಷವಾಗಿತ್ತು. ಮುಚ್ಚಳ ತಿರುಪುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಯಾರಿಗೂ ಹೇಳದೆ, ಪ್ರತಿ ಭಾನುವಾರ ಮನೆಯಲ್ಲಿ ಯಾರೂ ಇಲ್ಲದಾಗ ಬಳೆಗಳಿಗೆ ಅಡುಗೆ ಎಣ್ಣೆ ಸವರಿ ಮುಚ್ಚಳ ಸಡಿಲ ಮಾಡಿಕೊಂಡಿದ್ದಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನೀವು ಮನೆಯಲ್ಲಿ ಆರಾಮಾಗಿರಿ ಅತ್ತೆ, ಡಿಪೋಗೆ ನಾನು ಹೋಗುತ್ತೇನೆ ಎನ್ನುತ್ತಾಳೆ ಸೊಸೆ. ಆರಾಮ ಎಂಬ ಆ ಒಂದು ಮಾತಿಗೆ ಟೀಯಮ್ಮ ಹುಲಿಗೆ ಹೆದರಿದ ಹಾಗೆ ಹೆದರುತ್ತಿದ್ದಳು. ಆ ನಲವತ್ತು ಮುಖ ಬಿಟ್ಟರೆ ಅವಳಿಗೆ ದಿನವೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಸೊಸೆ ಬಾಯಿ ಹಾಕಿದಳು. "ನಾನೇ ಇರ್ಬೇಕು ಅಣ್ಣ. ಒಗ್ಗರಣೆ ಕೈಯಲ್ಲೇ ತೊಳೆದಿರ್ತೀನಿ."

ಟೀಯಮ್ಮ ಅದನ್ನು ಅಲ್ಲಗಳೆಯಬೇಕಿತ್ತು. ಅಲ್ಲಗಳೆಯಲಿಲ್ಲ. ರಿಪೇರಿಯವನು ಸೊಸೆಗೆ ಪಾಠ ಹೇಳಿದ: ಸಾದಾ ರಬ್ಬರಿಗೆ ಎಣ್ಣೆ ಶತ್ರು, ಕುಡಿದು ಊದಿಕೊಳ್ಳುತ್ತದೆ. ಹಾಗೆ ಮೆತ್ತಗಾದದ್ದನ್ನು ಬಿಸಿಯಲ್ಲಿ ಗಂಟೆಗಟ್ಟಲೆ ಅದುಮಿಟ್ಟರೆ ಮತ್ತೆ ಎದ್ದೇಳುವ ಶಕ್ತಿ ಕಳೆದುಕೊಳ್ಳುತ್ತದೆ. ಖಾಲಿ ಫ್ಲಾಸ್ಕನ್ನು ಎಂದೂ ಬಿಗಿದಿಡಬೇಡಿ, ಮುಚ್ಚಳ ಪಕ್ಕಕ್ಕಿಟ್ಟು ಒಣಗಿಸಿ. ನಾಲ್ಕಕ್ಕೂ ಬಿಳಿ ಸಿಲಿಕೋನ್ ಬಳೆ ಹಾಕಿಕೊಟ್ಟು, ಇದು ಬಿಸಿ ತಡೆಯುತ್ತದೆ, ಆದರೆ ಇದೂ ಚಿರಂಜೀವಿಯಲ್ಲ, ಸಡಿಲವಾದರೆ ಬದಲಿಸಿ ಎಂದ. ಸೊಸೆ ಶಾಲೆಯ ಹುಡುಗಿಯಂತೆ ತಲೆಯಾಡಿಸಿದಳು. ಟೀಯಮ್ಮನಿಗೆ ಗಂಟಲಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಂದು ಸಂಜೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೊಸ ಬಳೆಯ ಮುಚ್ಚಳ ತಿರುಪಿ ನೋಡಿದಳು. ಅದು ಕದಲಲಿಲ್ಲ. ಬಟ್ಟೆ ಸುತ್ತಿ ಹಿಡಿದಳು, ಎಡಗೈ ಹಾಕಿದಳು, ತೊಡೆಯ ನಡುವೆ ಫ್ಲಾಸ್ಕು ಅದುಮಿ ಕುಸ್ತಿಯನ್ನೂ ಆಡಿದಳು. ಕೊನೆಗೆ ಕೈ ಎಣ್ಣೆ ಬಾಟಲಿಯ ತನಕ ಹೋಯಿತು. ಒಂದೇ ಒಂದು ತೊಟ್ಟು ಎಂದುಕೊಂಡಳು. ಆಮೇಲೆ, ತನ್ನ ತಪ್ಪಿಗೆ ಸುಮ್ಮನೆ ತಲೆಯಾಡಿಸಿದ ಸೊಸೆಯ ಮುಖ ಕಣ್ಣ ಮುಂದೆ ಬಂದು, ಬಾಟಲಿಯನ್ನು ಕಪಾಟಿನ ತುತ್ತತುದಿಗೆ ಎತ್ತಿಟ್ಟಳು. ಅಷ್ಟು ಎತ್ತರಕ್ಕೆ ಕೈ ಚಾಚಿದ್ದಕ್ಕೂ ಮಣಿಕಟ್ಟು ನೋಯಿತು.

ಶನಿವಾರ ಬೆಳಿಗ್ಗೆ ಸೊಸೆ ಫ್ಲಾಸ್ಕುಗಳಿಗೆ ಮೊದಲು ಕುದಿನೀರು ಹಾಕಿ ಒಳಗೋಡೆ ಕಾಯಿಸಿ ಚೆಲ್ಲಿದಳು. ಟೀಯಮ್ಮ ಕತ್ತಿನವರೆಗೂ ಟೀ ತುಂಬಿದಳು. ಮುಚ್ಚಳ ಬಿಗಿದದ್ದು ಸೊಸೆ. ಇವತ್ತು ನಾನೂ ಬರುತ್ತೇನೆ ಎಂದಳು, ಅತ್ತೆ ಬೇಡವೆನ್ನಲಿಲ್ಲ.

ಹನ್ನೆರಡಕ್ಕೆ ಡಿಪೋದ ಷೆಡ್ಡಿನಲ್ಲಿ ನಲವತ್ತು ಜನ, ಮುಂದೆ ಮ್ಯಾನೇಜರು, ಅವರ ಪಕ್ಕ ಲೋಟ ಹಿಡಿದ ಫೋರ್‌ಮನ್. ಟೀಯಮ್ಮ ಮುಚ್ಚಳಕ್ಕೆ ಕೈ ಹಾಕಿದಳು. ಬೆಳಗಿಂದ ಒಳಗಿನ ಹಬೆ ತುಸು ತಣಿದು ಕುಗ್ಗಿ, ಮುಚ್ಚಳವನ್ನು ಒಳಕ್ಕೆ ಎಳೆದು ಹಿಡಿದಿತ್ತು. ಅವಳು ಹಲ್ಲು ಕಚ್ಚಿ ತಿರುಪಿದಳು. ಮಣಿಕಟ್ಟಿನಿಂದ ಮೊಣಕೈವರೆಗೂ ಮಿಂಚು ಹೊಡೆದಂತಾಯಿತು. ಮುಚ್ಚಳ ಸಿಕ್ಕಿಕೊಂಡಿದೆ ಎಂದರೆ ನಲವತ್ತು ಜನವೂ ನಂಬುತ್ತಿದ್ದರು.

ಅವಳು ಕೈ ಬಿಟ್ಟಳು.

"ನನ್ನ ಕೈಲಿ ಆಗಲ್ಲ. ಮಣಿಕಟ್ಟಲ್ಲಿ ಬಲ ಇಲ್ಲ," ಎಂದಳು. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. "ಅದನ್ನ ಮುಚ್ಚಿಡೋಕೆ ರಬ್ಬರಿಗೆ ಎಣ್ಣೆ ಹಚ್ಚಿದ್ದು ನಾನು. ತಿಂಗಳೆಲ್ಲ ನಿಮಗೆ ಆರಿದ ಟೀ ಕುಡಿಸಿದ್ದೂ ನಾನೇ. ಇವಳ ತಪ್ಪಲ್ಲ, ಫೋರ್‌ಮನ್ ತಪ್ಪೂ ಅಲ್ಲ."

ಯಾರೂ ನಗಲಿಲ್ಲ. ಸೊಸೆ ಮುಂದೆ ಬಂದು, ಎಡಗೈಯಲ್ಲಿ ಫ್ಲಾಸ್ಕು ಅಪ್ಪಿ ಒಂದೇ ಏಟಿಗೆ ತಿರುಪಿದಳು. ಮುಚ್ಚಳ ಉಸ್ಸೆಂದು ಬಿಟ್ಟುಕೊಂಡಿತು. ದಪ್ಪನೆಯ ಹಬೆ ಎದ್ದು ಮ್ಯಾನೇಜರ ಕನ್ನಡಕವನ್ನೆಲ್ಲ ಮಸುಕು ಮಾಡಿತು. ಅವರು ಕಾಣದ ಕಣ್ಣಲ್ಲೇ ಲೋಟ ಬಾಯಿಗಿಟ್ಟು, ನಾಲಿಗೆ ಸುಟ್ಟುಕೊಂಡು, ಹಾ ಹಾ ಎಂದು ಗಾಳಿ ಎಳೆದರು. ಆಗ ಷೆಡ್ಡಿಗೆ ಷೆಡ್ಡೇ ನಕ್ಕಿತು. ಮೆಷಿನ್ನಿನ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಲೋಟ ಕೊಡಿ, ಈ ಸಲ ಊದಿಕೊಂಡು ಕುಡಿಯುತ್ತೇನೆ ಎಂದರು ಮ್ಯಾನೇಜರು.

ಟೀಯಮ್ಮ ಸೊಸೆಯ ಕಡೆ ತಿರುಗಿದಳು. ಈಗ ಆ ಆರಾಮದ ಮಾತು ಬರುತ್ತದೆ ಎಂದು ಕಾದಳು.

"ನಂಗೆ ಗೊತ್ತಿತ್ತು ಅತ್ತೆ," ಎಂದಳು ಸೊಸೆ ಮೆಲ್ಲಗೆ. "ಎಣ್ಣೆ ವಿಷ್ಯ ಅಲ್ಲ, ಕೈ ನೋವಿನ ವಿಷ್ಯ. ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಮುಚ್ಚಳ ತೆಗೆಯೋಕೆ ದಿನಾ ನಾನು ಬರ್ತೀನಿ. ಆದ್ರೆ ಟೀ ನೀವೇ ಕೊಡ್ಬೇಕು. ಇವರಲ್ಲಿ ಯಾರಿಗೆ ಸಕ್ಕರೆ ಕಮ್ಮಿ, ಯಾರಿಗೆ ಅರ್ಧ ಲೋಟ ಅನ್ನೋದು ನಂಗೇನ್ ಗೊತ್ತು?"

ಟೀಯಮ್ಮನಿಗೆ ಆದ ಖುಷಿ ಎಷ್ಟೆಂದರೆ, ಬೈಯಬೇಕೆನಿಸಿತು. ಬೈಯಲು ಏನೂ ಸಿಗಲಿಲ್ಲ. ಸಾಲು ಕಾಯುತ್ತಿತ್ತು, ಲೋಟಗಳು ಮುಂದೆ ಚಾಚಿಕೊಂಡಿದ್ದವು. ಅವಳು ಎಲ್ಲವನ್ನೂ ದಾಟಿ ಬಿಸಿ ಟೀ ತುಂಬಿದ ಒಂದು ಲೋಟವನ್ನು ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಮುಂದಿನವರನ್ನು ಕರೆದಳು.